ನಂಬರ್ ಬದಲಾಯಿಸಿದ ಮೇಲೆ ಎರಡು ಪ್ರೊಫೈಲ್ ಆಗಿ ಖಾತೆ ಬ್ಲಾಕ್ ಆಗಿದೆಯಾ? ಹಳೆಯದನ್ನು ವಾಪಸ್ ಪಡೆಯುವ ದಾರಿ

ಹೋದ ವರ್ಷ ನನ್ನ ತಂಗಿ ಹೊಸ ಫೋನ್, ಹೊಸ ನಂಬರ್ ಎರಡನ್ನೂ ಒಟ್ಟಿಗೇ ತೆಗೆದುಕೊಂಡಳು. ಹೊಸ ಫೋನಿನಲ್ಲಿ ಊಟ ತರಿಸುವ ಆ್ಯಪ್ ಹಾಕಿ ಹೊಸ ನಂಬರ್ ಕೊಟ್ಟಳು. ಓಟಿಪಿ ಬಂತು, ಹಾಕಿದಳು. ಆ್ಯಪ್ ಹೆಸರು ಮತ್ತು ಇಮೇಲ್ ಕೇಳಿತು. ತನ್ನ ಇಮೇಲ್ ಹಾಕಿದರೆ 'ಇದು ಈಗಾಗಲೇ ಬಳಕೆಯಲ್ಲಿದೆ' ಎಂದಿತು. ಸರಿ ಎಂದು ಆಫೀಸಿನ ಇಮೇಲ್ ಹಾಕಿದಳು. ಮೊದಲ ಆರ್ಡರಿಗೆ ರಿಯಾಯಿತಿ ತಾನಾಗಿಯೇ ಬಿತ್ತು. ಮೂರನೇ ಆರ್ಡರ್ ಹಾಕುವಾಗ ಖಾತೆ ಬ್ಲಾಕ್ ಆಯಿತು. ಹಳೇ ಖಾತೆಯ ವ್ಯಾಲೆಟ್‌ನಲ್ಲಿ ಅವಳ ಹಣ ಇತ್ತು, ಆರು ತಿಂಗಳು ಬಾಕಿಯಿದ್ದ ಸದಸ್ಯತ್ವವೂ ಇತ್ತು.

ಹನ್ನೊಂದು ದಿನ ಓಡಾಡಿ ಅದನ್ನು ಬಿಡಿಸಿದೆವು. ಕ್ಯಾಬ್ ಆ್ಯಪ್‌ಗಳಲ್ಲೂ ಇದೇ ಗಂಟು ಬೀಳುತ್ತದೆ, ಬಿಚ್ಚುವ ದಾರಿಯೂ ಹೆಚ್ಚುಕಡಿಮೆ ಇದೇ. ಇಲ್ಲಿ ಹೇಳುತ್ತಿರುವುದು ಗ್ರಾಹಕರ ಖಾತೆಯ ಬಗ್ಗೆ. ಗಾಡಿ ಓಡಿಸುವವರ, ಡೆಲಿವರಿ ಮಾಡುವವರ ಖಾತೆಗೆ ಲೈಸೆನ್ಸ್, ಸೆಲ್ಫಿ ಪರಿಶೀಲನೆ ಎಲ್ಲ ಸೇರಿಕೊಂಡಿರುತ್ತದೆ. ಅವರು ಪಾರ್ಟ್ನರ್ ಸಹಾಯ ವಿಭಾಗದ ಮೂಲಕವೇ ಹೋಗಬೇಕು.

ಮೊದಲು ಕೈ ಬಿಗಿ ಹಿಡಿಯಿರಿ

ಬ್ಲಾಕ್ ಆದ ತಕ್ಷಣ ಎಲ್ಲರೂ ಮಾಡುವ ಕೆಲಸ ಒಂದೇ. ಆ್ಯಪ್ ಅಳಿಸಿ ಮತ್ತೆ ಹಾಕುವುದು, ಇಲ್ಲವೇ ಮನೆಯವರ ನಂಬರ್ ಹಾಕಿ ಮೂರನೇ ಖಾತೆ ತೆರೆಯುವುದು. ದಯವಿಟ್ಟು ಎರಡನ್ನೂ ಮಾಡಬೇಡಿ. ಮೂರನೇ ಖಾತೆ ತೆರೆದರೆ 'ತಪ್ಪಿ ಎರಡಾಯಿತು' ಎಂಬ ನಿಮ್ಮ ನಿಜವಾದ ಮಾತನ್ನು ನಂಬುವವರು ಇರುವುದಿಲ್ಲ. ಮನೆಯವರ ಖಾತೆಯೂ ಜೊತೆಗೆ ಸಿಕ್ಕಿಕೊಳ್ಳಬಹುದು.

ಹಳೇ ಫೋನ್ ಇನ್ನೂ ನಿಮ್ಮ ಹತ್ತಿರ ಇದೆಯಾ? ಹಾಗಿದ್ದರೆ ಅದನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಅದರಲ್ಲಿರುವ ಆ್ಯಪ್‌ನಿಂದ ಲಾಗ್‌ಔಟ್ ಕೂಡ ಆಗಬೇಡಿ. ಹಳೇ ಸಿಮ್ ಸತ್ತಿದ್ದರೂ ಲಾಗಿನ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ, ಏಕೆಂದರೆ ಓಟಿಪಿ ಕೇಳುವುದು ಹೆಚ್ಚಾಗಿ ಒಳಗೆ ಬರುವಾಗ ಮಾತ್ರ. ವೈಫೈ ಕೊಟ್ಟು ತೆರೆದರೆ ನೇರ ಹಳೇ ಖಾತೆಯೊಳಗೇ ಇರುತ್ತೀರಿ. ತಂಗಿ ಆ ಫೋನನ್ನು ಮರುದಿನವೇ ಎಕ್ಸ್‌ಚೇಂಜ್‌ಗೆ ಕೊಡುವವಳಿದ್ದಳು. ಕೊಟ್ಟಿದ್ದರೆ ಹನ್ನೊಂದು ದಿನದ ಕೆಲಸ ಇನ್ನೆಷ್ಟು ದಿನ ಎಳೆಯುತ್ತಿತ್ತೋ.

ಒಳಗೆ ಆಗಿರುವುದೇನು

ಇಂಥ ಹೆಚ್ಚಿನ ಆ್ಯಪ್‌ಗಳಿಗೆ ನಿಮ್ಮ ಫೋನ್ ನಂಬರೇ ನಿಮ್ಮ ಗುರುತು. 'ಲಾಗಿನ್' ಮತ್ತು 'ಹೊಸ ಖಾತೆ' ಎಂದು ಎರಡು ಬಾಗಿಲು ಇರುವುದಿಲ್ಲ, ಒಂದೇ ಬಾಗಿಲು. ಕೊಟ್ಟ ನಂಬರ್ ಪಟ್ಟಿಯಲ್ಲಿ ಇದ್ದರೆ ಆ ಖಾತೆ ತೆರೆಯುತ್ತದೆ. ಇಲ್ಲದಿದ್ದರೆ ಹೊಸ ಖಾತೆ ಹುಟ್ಟುತ್ತದೆ. 'ನಿಮಗೆ ಹಳೇ ಖಾತೆ ಇದೆಯಾ?' ಎಂದು ಬಹಳಷ್ಟು ಆ್ಯಪ್‌ಗಳು ಕೇಳುವುದೇ ಇಲ್ಲ. ನೀವು ಲಾಗಿನ್ ಆಗುತ್ತಿದ್ದೇನೆ ಅಂದುಕೊಂಡಿರುತ್ತೀರಿ, ಅದು ನಿಮ್ಮನ್ನು ಹೊಸಬರು ಎಂದು ಸೇರಿಸಿಕೊಂಡಿರುತ್ತದೆ.

ಇಷ್ಟಕ್ಕೇ ಬ್ಲಾಕ್ ಆಗುವುದು ಕಡಿಮೆ. ತೊಂದರೆ ಶುರುವಾಗುವುದು ಹೊಸಬರ ರಿಯಾಯಿತಿಯಿಂದ. ಈ ರಿಯಾಯಿತಿಗಾಗಿ ಒಬ್ಬರೇ ಹತ್ತು ಖಾತೆ ತೆರೆಯುವುದುಂಟು. ಅವರನ್ನು ಹಿಡಿಯಲು ಕಂಪನಿಗಳು ಖಾತೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಿರುತ್ತವೆ. ಅದೇ ಕಾರ್ಡ್, ಅದೇ ವಿಳಾಸ, ಅದೇ ಹೆಸರು, ಕೆಲವೊಮ್ಮೆ ಅದೇ ಫೋನ್. ಇವೆಲ್ಲ ಹೊಂದಿಕೆಯಾಗಿ ಹೊಸಬರ ರಿಯಾಯಿತಿಯೂ ಬಳಕೆಯಾಗಿದ್ದರೆ, ಆ ವ್ಯವಸ್ಥೆಯ ಕಣ್ಣಿಗೆ ನೀವೂ ಆ ಹತ್ತು ಖಾತೆಯವರೂ ಒಂದೇ. ಅದಕ್ಕೇ ಎರಡು ಆರ್ಡರ್ ಸರಾಗವಾಗಿ ಹೋಗಿ, ಕಾರ್ಡ್ ಸೇರಿಸಿದ ಮೇಲೆ ಮೂರನೆಯದಕ್ಕೆ ನಿಂತುಹೋಗುವಂಥ ಪ್ರಸಂಗಗಳು ಆಗುತ್ತವೆ. ಕೆಲವು ಕಡೆ ಹೊಸ ಖಾತೆ ಮಾತ್ರ ನಿಲ್ಲುತ್ತದೆ, ಕೆಲವು ಕಡೆ ಎರಡೂ.

ಆ್ಯಪ್ ಅಳಿಸಿ ಹಾಕಿದರೆ ಏಕೆ ಪ್ರಯೋಜನವಿಲ್ಲ ಎಂಬುದೂ ಇಲ್ಲೇ ಇದೆ. ಆಂಡ್ರಾಯ್ಡ್ 8ರಿಂದೀಚೆಗೆ ಪ್ರತಿ ಆ್ಯಪ್‌ಗೂ ಫೋನ್ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಆ್ಯಪ್ ತೆಗೆದು ಮತ್ತೆ ಹಾಕಿದರೂ ಅದು ಅದೇ ಆಗಿರುತ್ತದೆ. ಐಫೋನಿನಲ್ಲಿ ಡಿವೈಸ್‌ಚೆಕ್ ಎಂಬ ಸೌಲಭ್ಯ ಇದೆ. 'ಈ ಫೋನ್ ರಿಯಾಯಿತಿ ಪಡೆದಾಗಿದೆ' ಎಂಬಂಥ ಗುರುತನ್ನು ಕಂಪನಿ ಆ್ಯಪಲ್‌ನ ಸರ್ವರ್‌ನಲ್ಲಿ ಇಡಬಹುದು. ಅದು ಫೋನ್ ರೀಸೆಟ್ ಮಾಡಿದರೂ ಹೋಗುವುದಿಲ್ಲ.

ಇನ್ನು ನಿಜವಾದ ಗಂಟು. ಹಳೇ ಖಾತೆಗೆ ಹೋಗಿ ಹೊಸ ನಂಬರ್ ಹಾಕೋಣ ಎಂದರೆ 'ಈ ನಂಬರ್ ಬೇರೆ ಖಾತೆಯಲ್ಲಿದೆ' ಎಂದು ಬರುತ್ತದೆ. ಆ ಬೇರೆ ಖಾತೆ ನಿಮ್ಮದೇ. ಅದನ್ನು ಅಳಿಸೋಣ ಎಂದರೆ ಬ್ಲಾಕ್ ಆಗಿರುವುದರಿಂದ ಒಳಗೇ ಹೋಗಲು ಆಗುವುದಿಲ್ಲ. ಹಾಗಾಗಿ ಕಂಪನಿಯವರಿಂದ ಮೊದಲು ಆಗಬೇಕಾದ ಕೆಲಸ 'ಅನ್‌ಬ್ಲಾಕ್' ಅಲ್ಲ. ಹೊಸ ನಂಬರನ್ನು ಡೂಪ್ಲಿಕೇಟ್ ಖಾತೆಯಿಂದ ಬಿಡಿಸುವುದು. ಇದನ್ನು ನಾವು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಆರು ದಿನ ಹೋಗಿತ್ತು.

ಹಂತ 1: ಇದು ನಿಜಕ್ಕೂ ಡೂಪ್ಲಿಕೇಟ್ ಸಮಸ್ಯೆಯೇ ಎಂದು ನೋಡಿ

ಹೊಸ ನಂಬರಿನ ಖಾತೆ ಸ್ವಲ್ಪವಾದರೂ ತೆರೆದರೆ ಹಿಂದಿನ ಆರ್ಡರ್ ಅಥವಾ ಪ್ರಯಾಣಗಳ ಪಟ್ಟಿ ನೋಡಿ. ಪಟ್ಟಿ ಖಾಲಿ, ವ್ಯಾಲೆಟ್ ಸೊನ್ನೆ, ಉಳಿಸಿದ ವಿಳಾಸಗಳಿಲ್ಲ, ಹೊಸಬರಿಗೆ ಸ್ವಾಗತ ಎಂಬ ಕೊಡುಗೆ ಕಾಣುತ್ತಿದೆ. ಹೀಗಿದ್ದರೆ ಅದು ಡೂಪ್ಲಿಕೇಟೇ.

ಆದರೆ ಒಳಗೆ ಬೇರೆ ಯಾರದೋ ಹೆಸರು, ಯಾರದೋ ಮನೆ ವಿಳಾಸ ಕಂಡರೆ ವಿಷಯವೇ ಬೇರೆ. ಬಿಟ್ಟುಹೋದ ನಂಬರ್‌ಗಳನ್ನು ಮೊಬೈಲ್ ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ನಿಮಗೆ ಸಿಕ್ಕಿರುವುದು ಹಾಗೆ ಬಂದ ನಂಬರ್, ಆ ಖಾತೆ ಹಿಂದಿನವರದ್ದು. ಅದರಲ್ಲಿ ಏನನ್ನೂ ಆರ್ಡರ್ ಮಾಡಬೇಡಿ, ಹೆಸರನ್ನೂ ತಿದ್ದಬೇಡಿ. 'ಈ ನಂಬರ್ ಈಗ ನನ್ನದು, ಹಿಂದಿನವರ ಖಾತೆಯಿಂದ ಇದನ್ನು ಬಿಡಿಸಿ' ಎಂದಷ್ಟೇ ಸಹಾಯ ವಿಭಾಗಕ್ಕೆ ಬರೆಯಿರಿ.

ಇನ್ನೊಂದು ಸಾಧ್ಯತೆ, ಹಳೇ ಖಾತೆಯಲ್ಲಿ ಬಾಕಿ ಹಣ ಉಳಿದಿರುವುದು. ರದ್ದು ಮಾಡಿದ ಪ್ರಯಾಣದ ಶುಲ್ಕವೋ, ವಿಫಲವಾದ ಪಾವತಿಯೋ ಇದ್ದರೆ ಆ ಕಾರಣಕ್ಕೇ ನಿಲ್ಲಿಸಿರುತ್ತಾರೆ. ಕಟ್ಟಲು ಆಗುವಂತಿದ್ದರೆ ಮೊದಲು ಅದನ್ನು ಕಟ್ಟಿಬಿಡಿ. ಬಾಕಿ ಇಟ್ಟುಕೊಂಡು ಉಳಿದದ್ದನ್ನು ಕೇಳಿದರೆ ಮಾತು ಮುಂದೆ ಹೋಗುವುದಿಲ್ಲ.

ತೆರೆಯ ಮೇಲೆ ಬಂದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಡಿ. 'ನಂಬರ್ ಬಳಕೆಯಲ್ಲಿದೆ' ಮತ್ತು 'ನಿಯಮ ಮೀರಿದ್ದಕ್ಕೆ ಖಾತೆ ನಿಷ್ಕ್ರಿಯ' ಎಂಬವು ಬೇರೆ ಬೇರೆ ವಿಭಾಗಕ್ಕೆ ಹೋಗುವ ವಿಷಯಗಳು. ಪದ ಪದ ಹಾಗೇ ಬೇಕು.

ಹಂತ 2: ಹಳೇ ಖಾತೆಯೊಳಗೆ ಹೋಗುವ ದಾರಿ ಹುಡುಕಿ

ಹಳೇ ಫೋನಿನಲ್ಲಿ ಲಾಗಿನ್ ಉಳಿದಿದ್ದರೆ ಈ ಹಂತ ಮುಗಿದಂತೆ. ಅಲ್ಲಿಂದ ಪ್ರೊಫೈಲ್ ಪುಟ, ವ್ಯಾಲೆಟ್ ಮೊತ್ತ, ಸದಸ್ಯತ್ವದ ಕೊನೆಯ ದಿನಾಂಕ, ಕೊನೆಯ ಎರಡು ಆರ್ಡರ್ ಸಂಖ್ಯೆ, ಇಷ್ಟರ ಸ್ಕ್ರೀನ್‌ಶಾಟ್ ತೆಗೆಯಿರಿ.

ಇಲ್ಲದಿದ್ದರೆ ಲಾಗಿನ್ ಪುಟದಲ್ಲಿ ಇಮೇಲ್ ಮೂಲಕ, ಗೂಗಲ್ ಅಥವಾ ಆ್ಯಪಲ್ ಮೂಲಕ ಹೋಗುವ ದಾರಿ ಇದೆಯಾ ನೋಡಿ. 'ನನ್ನ ನಂಬರ್ ಬದಲಾಗಿದೆ' ಅಥವಾ 'ಲಾಗಿನ್ ಆಗಲು ಆಗುತ್ತಿಲ್ಲ' ಎಂಬ ಕೊಂಡಿಯೂ ಕೆಲವು ಕಡೆ ಇರುತ್ತದೆ, ಚಿಕ್ಕ ಅಕ್ಷರದಲ್ಲಿ.

ಹಳೇ ಖಾತೆ ಯಾವ ಇಮೇಲ್‌ನಲ್ಲಿತ್ತು ಎಂದು ಮರೆತಿದ್ದರೆ ನಿಮ್ಮ ಎಲ್ಲ ಇನ್‌ಬಾಕ್ಸ್‌ಗಳಲ್ಲಿ ಕಂಪನಿಯ ಹೆಸರು ಹಾಕಿ ರಸೀದಿ ಹುಡುಕಿ. ರಸೀದಿ ಬಂದಿರುವ ವಿಳಾಸವೇ ಹಳೇ ಖಾತೆಯ ವಿಳಾಸ. ಐಫೋನ್ ಬಳಸುವವರಿಗೆ ಇಲ್ಲಿ ಒಂದು ತೊಡಕು ಇದೆ. ಆ್ಯಪಲ್ ಮೂಲಕ ಸೇರುವಾಗ ಇಮೇಲ್ ಮರೆಮಾಡುವ ಆಯ್ಕೆ ಒತ್ತಿದ್ದರೆ ಕಂಪನಿಯ ಬಳಿ ಇರುವುದು ನಿಮ್ಮ ವಿಳಾಸ ಅಲ್ಲ, `@privaterelay.appleid.com` ಎಂದು ಮುಗಿಯುವ ಇನ್ನೊಂದು ವಿಳಾಸ. ನೀವು ನಿಮ್ಮ ಇಮೇಲ್ ಹೇಳುತ್ತೀರಿ, ಅವರು 'ಅಂಥ ಖಾತೆ ಇಲ್ಲ' ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ಆ್ಯಪಲ್ ಮೂಲಕ ಲಾಗಿನ್ ಆದ ಆ್ಯಪ್‌ಗಳ ಪಟ್ಟಿಯಲ್ಲಿ ಆ ವಿಳಾಸ ನೋಡಿಕೊಂಡು ಅದನ್ನೇ ಕೊಡಿ.

ಹಂತ 3: ಡೂಪ್ಲಿಕೇಟ್ ಇನ್ನೂ ತೆರೆಯುತ್ತಿದ್ದರೆ

ಕೆಲವರಿಗೆ ಹಳೆಯದು ನಿಂತು ಹೊಸದು ನಡೆಯುತ್ತಿರುತ್ತದೆ. ಆಗ ಹೊಸದನ್ನು ಅಳಿಸಿಬಿಡೋಣ ಎನಿಸುವುದು ಸಹಜ. ಸ್ವಲ್ಪ ತಡೆಯಿರಿ. ಖಾತೆ ಅಳಿಸಲು ಹೇಳಿದ ತಕ್ಷಣ ಅದು ಪೂರ್ತಿ ಹೋಗುವುದಿಲ್ಲ. ಮನಸ್ಸು ಬದಲಾದರೆ ಎಂದು 30 ದಿನ ಹಾಗೇ ಇಟ್ಟುಕೊಳ್ಳುವ ಆ್ಯಪ್‌ಗಳಿವೆ. ಆ ಅವಧಿಯಲ್ಲಿ ನಿಮ್ಮ ಹೊಸ ನಂಬರ್ ಅದರಲ್ಲೇ ಸಿಕ್ಕಿಕೊಂಡಿರಬಹುದು. ಮಧ್ಯದಲ್ಲಿ ಒಮ್ಮೆ ಆ ನಂಬರಿನಿಂದ ಲಾಗಿನ್ ಆದರೆ ಅಳಿಸುವ ಕೋರಿಕೆ ರದ್ದಾಗಿ ಖಾತೆ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ನೀವಾಗಿ ಅಳಿಸುವುದಕ್ಕಿಂತ ಕಂಪನಿಯವರಿಂದ ನಂಬರ್ ಬಿಡಿಸುವುದು ಒಳ್ಳೆಯದು.

ಹಳೇ ಖಾತೆಯನ್ನಂತೂ ಯಾವ ಕಾರಣಕ್ಕೂ ಅಳಿಸಬೇಡಿ. ಹಣ, ಸದಸ್ಯತ್ವ, ನಿಮ್ಮ ಹಿಂದಿನ ಒಳ್ಳೆಯ ದಾಖಲೆ ಎಲ್ಲ ಇರುವುದು ಅದರಲ್ಲೇ.

ಹಂತ 4: ಸರಿಯಾದ ಕಡೆಯಿಂದ, ಸರಿಯಾಗಿ ಬರೆಯಿರಿ

ಸಾಧ್ಯವಾದರೆ ಹಳೇ ಖಾತೆಯೊಳಗಿನ 'ಸಹಾಯ' ವಿಭಾಗದಿಂದಲೇ ಬರೆಯಿರಿ. ಅಲ್ಲಿಂದ ಬರೆದರೆ ಆ ಖಾತೆ ನಿಮ್ಮದೇ ಎಂಬುದಕ್ಕೆ ಅರ್ಧ ಸಾಕ್ಷಿ ಆಗಲೇ ಸಿಕ್ಕಿದಂತೆ. ಹೋಗಲು ಆಗದಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ಫಾರ್ಮ್ ತುಂಬಿ, ಹಳೇ ಖಾತೆಯ ಇಮೇಲ್‌ನಿಂದಲೇ ವ್ಯವಹರಿಸಿ. ಡೂಪ್ಲಿಕೇಟ್ ಖಾತೆಯಿಂದ ಬರೆದರೆ, ಓದುವವರು ಆ ಖಾತೆಯನ್ನು ತೆರೆದು ನೋಡುತ್ತಾರೆ. ಅಲ್ಲಿ ಕಾಣುವುದು ಎರಡು ಮೂರು ಆರ್ಡರ್ ಮತ್ತು ರಿಯಾಯಿತಿ ದುರ್ಬಳಕೆಯ ಗುರುತು ಅಷ್ಟೇ.

ತಂಗಿ ಮೊದಲು ಬರೆದದ್ದು 'ನನ್ನ ಖಾತೆ ಬ್ಲಾಕ್ ಆಗಿದೆ, ದಯವಿಟ್ಟು ಸರಿ ಮಾಡಿ' ಎಂದು. ಬಂದದ್ದು 'ನಮ್ಮ ನಿಯಮಗಳ ಪ್ರಕಾರ' ಎಂದು ಶುರುವಾಗುವ ಸಿದ್ಧ ಉತ್ತರ. ಎರಡನೇ ಸಲ 'ಎರಡೂ ಖಾತೆ ಒಂದು ಮಾಡಿ' ಎಂದಳು. 'ಅದು ಸಾಧ್ಯವಿಲ್ಲ' ಎಂದರು. ಇದು ತಿಳಿದಿರಲಿ: ಎರಡು ಖಾತೆ ಬೆರೆಸುವ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಒಂದನ್ನು ಉಳಿಸಿ ಇನ್ನೊಂದನ್ನು ಮುಚ್ಚುವುದು ಸುಲಭ. 'ಒಂದು ಮಾಡಿ' ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬಂದು ಟಿಕೆಟ್, ಅಂದರೆ ನಿಮ್ಮ ದೂರಿನ ದಾಖಲೆ, ಮುಚ್ಚಿಹೋಗಬಹುದು. ಆರನೇ ದಿನ ನಾವಿಬ್ಬರೂ ಕೂತು ಹೀಗೆ ಬರೆದೆವು.

> ವಿಷಯ: ನಂಬರ್ ಬದಲಾವಣೆಯಿಂದ ತಪ್ಪಿ ಆದ ಎರಡನೇ ಖಾತೆ, ನಂಬರ್ ಬಿಡಿಸಲು ಕೋರಿಕೆ
>
> ನನ್ನ ಮೂಲ ಖಾತೆ: (ಹಳೇ ನಂಬರ್), (ಹಳೇ ಇಮೇಲ್). ಇದನ್ನು ಉಳಿಸಬೇಕು.
> ತಪ್ಪಿ ಆದ ಖಾತೆ: (ಹೊಸ ನಂಬರ್), (ಎರಡನೇ ಇಮೇಲ್). ಇದನ್ನು ಮುಚ್ಚಬೇಕು.
>
> (ದಿನಾಂಕ)ದಂದು ನನ್ನ ನಂಬರ್ ಬದಲಾಯಿತು. ಹೊಸ ನಂಬರಿನಿಂದ ಲಾಗಿನ್ ಆದಾಗ ಆ್ಯಪ್ ಹೊಸ ಖಾತೆ ಮಾಡಿತು. ಅದರ ಮೊದಲ ಆರ್ಡರಿಗೆ ಹೊಸಬರ ರಿಯಾಯಿತಿ ಅನ್ವಯವಾಗಿದೆ. ಆ ಮೊತ್ತವನ್ನು ನನ್ನ ಮೂಲ ಖಾತೆಯ ವ್ಯಾಲೆಟ್‌ನಿಂದ ಕಡಿತ ಮಾಡಿಕೊಳ್ಳಲು ಒಪ್ಪುತ್ತೇನೆ.
>
> ದಯವಿಟ್ಟು ಈ ಕ್ರಮದಲ್ಲಿ ಮಾಡಿ:
> 1. ತಪ್ಪಿ ಆದ ಖಾತೆಯಿಂದ ಹೊಸ ನಂಬರನ್ನು ಬಿಡಿಸಿ.
> 2. ಆ ನಂಬರನ್ನು ಮೂಲ ಖಾತೆಗೆ ಸೇರಿಸಿ.
> 3. ಮೂಲ ಖಾತೆಯ ಮೇಲೆ ನಿರ್ಬಂಧ ಇದ್ದರೆ ಪರಿಶೀಲಿಸಿ ತೆಗೆಯಿರಿ.
> 4. ಕೊನೆಗೆ ತಪ್ಪಿ ಆದ ಖಾತೆಯನ್ನು ಮುಚ್ಚಿ.
>
> ಮೂಲ ಖಾತೆಯ ಕೊನೆಯ ಎರಡು ಆರ್ಡರ್ ಸಂಖ್ಯೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಸ್ಕ್ರೀನ್‌ಶಾಟ್‌ಗಳನ್ನು ಜೊತೆಗಿಟ್ಟಿದ್ದೇನೆ.

ರಿಯಾಯಿತಿಯ ಮಾತನ್ನು ನಾವಾಗಿಯೇ ಎತ್ತಬೇಕಾ ಎಂದು ತಂಗಿ ಹಿಂಜರಿದಳು. ಎತ್ತಲೇಬೇಕು ಎಂಬುದು ನನ್ನ ಅಭಿಪ್ರಾಯ. ಅವರ ತೆರೆಯಲ್ಲಿ ಮೊದಲು ಕಾಣುವುದೇ ಅದು. ನೀವು ಮುಚ್ಚಿಟ್ಟರೆ ಅನುಮಾನ ಉಳಿಯುತ್ತದೆ, ವಾಪಸ್ ಕೊಡುತ್ತೇನೆ ಎಂದರೆ ಅನುಮಾನಕ್ಕೆ ಕಾರಣವೇ ಇರುವುದಿಲ್ಲ.

ಕ್ರಮವೂ ಮುಖ್ಯ. ಡೂಪ್ಲಿಕೇಟ್ ಖಾತೆಯನ್ನು ಮೊದಲು ಮುಚ್ಚಿ, ನಂಬರ್ ಬಿಡಿಸಲು ಮರೆತರೆ, ಮುಚ್ಚಿದ ಖಾತೆಯ ಜೊತೆ ನಂಬರೂ ಒಳಗೇ ಉಳಿಯಬಹುದು.

ಒಂದೇ ಟಿಕೆಟ್ ಇಟ್ಟುಕೊಂಡು ಅದಕ್ಕೇ ಉತ್ತರಿಸುತ್ತಾ ಹೋಗಿ. ದಿನಕ್ಕೊಂದು ಹೊಸ ದೂರು ಕೊಟ್ಟರೆ ಪ್ರತಿಯೊಂದೂ ಬೇರೆಯವರ ಕೈಗೆ ಹೋಗುತ್ತದೆ, ಎಲ್ಲರೂ ಮೊದಲಿನಿಂದ ಶುರು ಮಾಡುತ್ತಾರೆ. ಎರಡು ಮೂರು ದಿನ ಬಿಟ್ಟು ಅದೇ ಟಿಕೆಟ್‌ನಲ್ಲಿ ಒಂದು ಸಾಲು ನೆನಪಿಸಿದರೆ ಸಾಕು.

'ಇದು ಅಂತಿಮ ತೀರ್ಮಾನ' ಎಂದು ಬಂದರೆ

ಇದೂ ಸಿದ್ಧ ಉತ್ತರವಾಗಿರಬಹುದು. ಅಲ್ಲಿಗೇ ಬಿಡಬೇಡಿ. ಎರಡು ಪ್ರಶ್ನೆ ಕೇಳಿ: ನಿರ್ಬಂಧ ಯಾವ ಖಾತೆಯ ಮೇಲಿದೆ? ಕಾರಣ ಎರಡು ಖಾತೆ ಇರುವುದೋ, ಪಾವತಿಯ ಸಮಸ್ಯೆಯೋ? ಇವಕ್ಕೆ ಸಿದ್ಧ ಉತ್ತರ ಸುಲಭವಾಗಿ ಹೊಂದುವುದಿಲ್ಲ, ಯಾರಾದರೂ ಖಾತೆ ತೆರೆದು ನೋಡಲೇಬೇಕಾಗುತ್ತದೆ. ಎಂಟನೇ ದಿನ ನಮಗೆ ಬಂದ ಉತ್ತರದಲ್ಲಿ, ನಿರ್ಬಂಧ ಇರುವುದು ಹೊಸ ಖಾತೆಯ ಮೇಲೆ ಮಾತ್ರ ಎಂದಿತ್ತು. ಆಮೇಲೆ ಕೆಲಸ ಸಲೀಸಾಯಿತು. ಉತ್ತರವೇ ಬರದಿದ್ದರೆ ಕಂಪನಿಯ ನಿಯಮಗಳ ಪುಟದಲ್ಲಿ ಕುಂದುಕೊರತೆ ಅಧಿಕಾರಿಯ ಅಥವಾ ಮೇಲ್ಮನವಿಯ ವಿಳಾಸ ಇದೆಯಾ ನೋಡಿ, ಇಡೀ ಟಿಕೆಟ್ ಜೋಡಿಸಿ ಅಲ್ಲಿಗೆ ಕಳಿಸಿ.

ಒಂದು ಎಚ್ಚರಿಕೆ. ಈ ಹೊತ್ತಿನಲ್ಲಿ ಮನಸ್ಸು ಕಂಗಾಲಾಗಿರುತ್ತದೆ, ಸರ್ಚ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೇವೆ. ಅಲ್ಲಿ ಸಿಗುವ ನಂಬರ್‌ಗಳಲ್ಲಿ ಮೋಸಗಾರರದ್ದೂ ಇರುತ್ತವೆ. ಆ್ಯಪ್ ಅಥವಾ ಕಂಪನಿಯ ಸ್ವಂತ ಸೈಟ್‌ನಲ್ಲಿರುವ ದಾರಿ ಬಿಟ್ಟು ಬೇರೆಯದಕ್ಕೆ ಹೋಗಬೇಡಿ. ಫೋನಿನಲ್ಲಿ ಓಟಿಪಿ ಹೇಳಿ ಎಂದರೆ, ತೆರೆ ಹಂಚಿಕೊಳ್ಳುವ ಆ್ಯಪ್ ಹಾಕಿ ಎಂದರೆ, ಅನ್‌ಬ್ಲಾಕ್ ಮಾಡಲು ಶುಲ್ಕ ಕಟ್ಟಿ ಎಂದರೆ ಫೋನ್ ಇಟ್ಟುಬಿಡಿ.

ಸಿಕ್ಕಿಕೊಂಡಿರುವ ಹಣ

ಸಿಟ್ಟಿನಲ್ಲಿ ಬ್ಯಾಂಕಿಗೆ ಹೇಳಿ ಕಾರ್ಡ್ ಪಾವತಿಯನ್ನು ವಾಪಸ್ ತರಿಸಿಕೊಳ್ಳುವವರಿದ್ದಾರೆ. ನಿಮಗೆ ತಲುಪಿದ ಆರ್ಡರಿನ ಹಣಕ್ಕೆ ಹೀಗೆ ಮಾಡಿದರೆ ಅದು ತಪ್ಪು, ಜೊತೆಗೆ ಖಾತೆಯ ಮೇಲೆ ಪಾವತಿ ವಂಚನೆಯ ಗುರುತು ಬೀಳುತ್ತದೆ. ಡೂಪ್ಲಿಕೇಟ್ ಗುರುತಿಗಿಂತ ಅದನ್ನು ತೆಗೆಸುವುದು ಬಹಳ ಕಷ್ಟ. ಬರಬೇಕಾದ ಮರುಪಾವತಿ ಇದ್ದರೆ ಆರ್ಡರ್ ಸಂಖ್ಯೆ ಹಾಕಿ ಅದೇ ಟಿಕೆಟ್‌ನಲ್ಲಿ ಕೇಳಿ.

ಆದರೆ ಸದಸ್ಯತ್ವ ತಿಂಗಳು ತಿಂಗಳು ತಾನಾಗಿಯೇ ನವೀಕರಣ ಆಗುವಂಥದ್ದಾದರೆ, ಖಾತೆ ನಿಂತಿದ್ದರೂ ಹಣ ಹೋಗುತ್ತಿರಬಹುದು. ಆ್ಯಪ್ ಸ್ಟೋರ್ ಮೂಲಕ ಕಟ್ಟುತ್ತಿದ್ದರೆ ಅಲ್ಲೇ ನಿಲ್ಲಿಸಬಹುದು. ಕಾರ್ಡಿನಿಂದಾದರೆ ಮುಂದಿನ ನವೀಕರಣವನ್ನು ತಡೆಯಲು ಬ್ಯಾಂಕಿಗೆ ಹೇಳಿ. ಇದು ಮುಂದಿನ ಹಣ ತಡೆಯುವುದು, ಹಿಂದಿನ ಹಣ ವಾಪಸ್ ಕೇಳುವುದಲ್ಲ.

ಖಾತೆ ವಾಪಸ್ ಬಂದ ದಿನ

ಹನ್ನೊಂದನೇ ದಿನ ಬೆಳಿಗ್ಗೆ 'ನಂಬರ್ ಬಿಡಿಸಲಾಗಿದೆ' ಎಂಬ ಸಂದೇಶ ಬಂತು. ತಂಗಿ ತಕ್ಷಣ ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೊರಟಳು. ನಾನು ತಡೆದೆ. ಈ ಕ್ಷಣದಲ್ಲಿ ಹೊಸ ನಂಬರ್ ಯಾವ ಖಾತೆಯಲ್ಲೂ ಇರುವುದಿಲ್ಲ. ಅದರಿಂದ ಲಾಗಿನ್ ಆದರೆ ಇನ್ನೊಂದು ಹೊಸ ಖಾತೆ ಹುಟ್ಟುತ್ತದೆ, ಮತ್ತೆ ಮೊದಲಿಗೇ ಬರುತ್ತೀರಿ. ಹಳೇ ಫೋನಿನಲ್ಲಿ ತೆರೆದಿರುವ ಹಳೇ ಖಾತೆಯೊಳಗೆ, ಪ್ರೊಫೈಲ್ ತಿದ್ದುವ ಪುಟದಲ್ಲಿ ಹೊಸ ನಂಬರ್ ಹಾಕಬೇಕು. ಓಟಿಪಿ ಹೊಸ ಫೋನಿಗೆ ಬರುತ್ತದೆ, ಅದನ್ನು ಹಳೇ ಫೋನಿನಲ್ಲಿ ಹಾಕಬೇಕು. ಹಳೇ ಫೋನ್ ಇಲ್ಲದವರು, ನಂಬರನ್ನು ಮೂಲ ಖಾತೆಗೆ ಸೇರಿಸಿದ್ದೇವೆ ಎಂದು ಕಂಪನಿಯವರು ಬರೆದು ತಿಳಿಸುವ ತನಕ ಕಾಯಿರಿ.

ನಂಬರ್ ಬದಲಾದ ಮೇಲೆ ಹೊಸ ಫೋನಿನಲ್ಲಿ ಲಾಗಿನ್ ಆಗಿ ಹಳೇ ಆರ್ಡರ್‌ಗಳು ಕಾಣುತ್ತವಾ, ವ್ಯಾಲೆಟ್ ಮೊತ್ತ ನಿಮ್ಮ ಸ್ಕ್ರೀನ್‌ಶಾಟ್‌ಗೆ ತಾಳೆ ಆಗುತ್ತದಾ, ಸದಸ್ಯತ್ವದ ದಿನಾಂಕ ಸರಿಯಿದೆಯಾ ನೋಡಿ. ತಂಗಿಯ ವ್ಯಾಲೆಟ್‌ನಲ್ಲಿ ರಿಯಾಯಿತಿಯ ಮೊತ್ತ ಕಡಿತವಾಗಿತ್ತು, ಉಳಿದದ್ದು ಹಾಗೇ ಇತ್ತು. ಹಳೇ ನಂಬರ್ ಖಾತೆಯ ಯಾವ ಮೂಲೆಯಲ್ಲೂ ಉಳಿಯಬಾರದು. ಮರುಪಡೆಯುವ ನಂಬರ್, ತುರ್ತು ಸಂಪರ್ಕ ಎಲ್ಲ ಕಡೆ ನೋಡಿ. ನಾಳೆ ಆ ನಂಬರ್ ಇನ್ನೊಬ್ಬರಿಗೆ ಹೋದರೆ ನಿಮ್ಮ ಖಾತೆಯ ಓಟಿಪಿ ಅವರ ಕೈಗೆ ಹೋಗುತ್ತದೆ. ಆಮೇಲೆ ಒಂದು ಚಿಕ್ಕ ಆರ್ಡರ್ ಮಾಡಿ, ಅದು ತಲುಪಿದ ನಂತರವೇ ಹಳೇ ಫೋನಿನಲ್ಲಿ ಲಾಗ್‌ಔಟ್ ಆಗಿ ರೀಸೆಟ್ ಮಾಡಿ.

ಇನ್ನೂ ನಂಬರ್ ಬದಲಾಯಿಸದೆ ಈಗ ಓದುತ್ತಿರುವವರಿದ್ದರೆ, ನಿಮಗೆ ಇಷ್ಟೆಲ್ಲ ಬೇಕಿಲ್ಲ. ಹಳೇ ಸಿಮ್ ನಡೆಯುತ್ತಿರುವಾಗಲೇ ಪ್ರತಿ ಆ್ಯಪ್‌ನ ಪ್ರೊಫೈಲ್‌ನಲ್ಲಿ ಹೊಸ ನಂಬರ್ ಹಾಕಿ ಓಟಿಪಿ ಕೊಡಿ. ಆ್ಯಪ್ ಒಂದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಹಳೇ ಸಿಮ್ ತೆಗೆಯುವುದು ಆಮೇಲೆ.